ಆರು ನಲ್ಲಿಗಳ ವಾರ್ತೆ

ಶಾಲೆಯ ಬೆಳಗಿನ ಪ್ರಾರ್ಥನಾ ಸಭೆಗೆ ಮಕ್ಕಳು ಬರೆಯುವ ಅಣಕು ವಾರ್ತಾಪ್ರಸಾರಗಳಲ್ಲಿ ಒಂದು ದೋಷ ತಪ್ಪದೆ ಇರುತ್ತದೆ. ನಿರೂಪಕಿ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಾಳೆ, ಆಮೇಲೆ ವರದಿಗಾರನನ್ನು ಕರೆಯುತ್ತಾಳೆ, ಅವನು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಾನೆ. ನಿಜವಾದ ಚಾನೆಲ್‌ಗಳಲ್ಲೂ ಇದೇ ನಡೆಯುವುದರಿಂದ ಮಕ್ಕಳನ್ನು ದೂರುವ ಹಾಗಿಲ್ಲ.

ಮುಂಬೈನ ನಮ್ಮ ಉಪನಗರದಲ್ಲಿ ಒಂದು ಕನ್ನಡ ಮಾಧ್ಯಮದ ಶಾಲೆ ಇನ್ನೂ ಉಳಿದುಕೊಂಡಿದೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹುಕಾಲ ಕೆಲಸ ಮಾಡಿದವನೆಂದು ಅಲ್ಲಿನ ಟೀಚರೊಬ್ಬರು ಏಳನೇ ತರಗತಿಯ ಸ್ಕ್ರಿಪ್ಟ್ ತಿದ್ದಲು ನನ್ನನ್ನು ಕರೆದರು. ಪ್ರಾರ್ಥನೆ, ಪ್ರತಿಜ್ಞೆಗಳ ನಂತರ ಸಿಗುವುದು ಐದು ನಿಮಿಷ. ಗಡಿಯಾರ ಹಿಡಿದು ಓದಿಸಿ ನೋಡಿದೆ. ಮೈಕಿನ ಮುಂದೆ ನಿಂತ ಮಗು ನಿಮಿಷಕ್ಕೆ ಸುಮಾರು 80 ಪದ ಓದುತ್ತದೆ. ಮೈಕು ಕೈಯಿಂದ ಕೈಗೆ ಹೋಗುವ ಸಮಯ ಕಳೆದರೆ 300 ಪದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಮಕ್ಕಳು ಎಂಟು ಸುದ್ದಿ ಬರೆದಿದ್ದರು. ಒಂದು ಚಂದ್ರಯಾನ, ಒಂದು ಕ್ರಿಕೆಟ್, ಎರಡು ‘ಬ್ರೇಕಿಂಗ್ ನ್ಯೂಸ್’. ಅವರು ತಾವೇ ಕಂಡು ಬರೆದದ್ದು ಒಂದೇ: ಕೈ ತೊಳೆಯುವ ಕಟ್ಟೆಯಲ್ಲಿ ನೀರಿಲ್ಲ. ಅದೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಾಲ್ಕು ಸಾಲಿನ ಮುಖ್ಯಾಂಶ ಮಾಡಿದೆವು.

ಮೊದಲ ಕರಡಿನಲ್ಲಿ ‘ಆಡಳಿತದ ನಿರ್ಲಕ್ಷ್ಯದಿಂದ ಮಕ್ಕಳು ಪರದಾಡುತ್ತಿದ್ದಾರೆ’ ಎಂದಿತ್ತು. ನಿರ್ಲಕ್ಷ್ಯವನ್ನು ಯಾರು ನೋಡಿದಿರಿ ಎಂದೆ. ಯಾರೂ ನೋಡಿರಲಿಲ್ಲ. ಹಾಗಾದರೆ ನೋಡಿದ್ದೇನು? ಎಲ್ಲರೂ ಎದ್ದು ಕಟ್ಟೆಗೆ ಹೋಗಿ ಎಣಿಸಿ ಬಂದರು. ಆರು ನಲ್ಲಿ, ನಾಲ್ಕರಲ್ಲಿ ನೀರಿಲ್ಲ. ಊಟಕ್ಕೆ ಕೂರುವವರು 140 ಮಂದಿ. ಒಬ್ಬರಿಗೆ ಅರ್ಧ ನಿಮಿಷವೆಂದರೂ ಎರಡು ನಲ್ಲಿಗಳಲ್ಲಿ ಎಲ್ಲರೂ ಕೈ ತೊಳೆಯಲು 35 ನಿಮಿಷ ಬೇಕು. ಊಟದ ಬಿಡುವು ಇರುವುದೇ 30 ನಿಮಿಷ. ಈ ಲೆಕ್ಕ ಮಾಡಿದ್ದು ಹಿಂದಿನ ಬೆಂಚಿನ ಹುಡುಗಿ. ವರದಿಗಾರ್ತಿಯೂ ಅವಳೇ ಆದಳು.

ಮತ್ತೆ ಬರೆದಾಗ ಹೀಗಾಯಿತು:

ನಿರೂಪಕಿ: ನಮ್ಮ ಶಾಲೆಯ ಆರು ನಲ್ಲಿಗಳ ಪೈಕಿ ನಾಲ್ಕರಲ್ಲಿ ಹತ್ತು ದಿನಗಳಿಂದ ನೀರು ಬರುತ್ತಿಲ್ಲ. ಊಟದ ಹೊತ್ತಿನಲ್ಲಿ ಅಲ್ಲಿ ಏನಾಗುತ್ತಿದೆ?

ವರದಿಗಾರ್ತಿ: ನಾನೀಗ ಕಟ್ಟೆಯ ಮುಂದಿದ್ದೇನೆ. ನಾಲ್ಕು ನಲ್ಲಿಗಳ ಕೆಳಗೆ ನೆಲ ಒಣಗಿದೆ. ಉಳಿದೆರಡರ ಮುಂದೆ ಸಾಲು ಮೆಟ್ಟಿಲವರೆಗೆ ಬಂದಿದೆ.

ನಿರೂಪಕಿ ತನಗೆ ಗೊತ್ತಿಲ್ಲದ್ದನ್ನು ಕೇಳುತ್ತಾಳೆ, ವರದಿಗಾರ್ತಿ ಅಲ್ಲಿ ನಿಂತವರಿಗೆ ಮಾತ್ರ ಕಾಣುವುದನ್ನು ಹೇಳುತ್ತಾಳೆ. ಲೆಕ್ಕ ಆಮೇಲೆ ಬರುತ್ತದೆ, ಅದಕ್ಕೂ ಮುಂಚೆ ಸಾಲಿನಲ್ಲಿ ನಿಂತ ಒಬ್ಬನ ಮಾತು.

ಆ ಮಾತಿನ ಮೇಲೆಯೇ ಜಗಳ ನಡೆದದ್ದು. ಐದನೇ ತರಗತಿಯ ಆ ಹುಡುಗ ಕಲಬುರಗಿ ಕಡೆಯವನು, ಅಪ್ಪ ಕಟ್ಟಡದ ಕೆಲಸಕ್ಕೆ ಬಂದವರು. ಟೀಚರ್ ಅವನ ಬಾಯಿಗೆ ‘ಭೋಜನಾನಂತರ ಕೈ ತೊಳೆಯಲು ಅನಾನುಕೂಲವಾಗುತ್ತಿದೆ’ ಎಂದು ಬರೆದುಕೊಟ್ಟಿದ್ದರು. ಅವನು ಮೂರು ಸಲ ತೊದಲಿದ. ನೀನೇ ಹೇಳಪ್ಪ ಎಂದೆ. “ನಳದ ಮುಂದ ಪಾಳಿ ಹಚ್ಚಬೇಕ್ರಿ. ಪಾಳಿ ಬರೋದ್ರಾಗ ಗಂಟಿ ಹೊಡೀತದ. ಆಮ್ಯಾಲ ಅಂಗೀಗೇ ಕೈ ಒರಸ್ಕೊಂಡು ಹೋಗ್ತೀನ್ರಿ.” ಇದನ್ನು ತಿದ್ದಿದರೆ ಅಂಗಿ ಹೋಗುತ್ತದೆ, ಅಂಗಿ ಹೋದರೆ ಸುದ್ದಿಯೂ ಹೋಗುತ್ತದೆ ಎಂದು ವಾದಿಸಿದೆ. ನಿರೂಪಕಿಗೆ ಪುಸ್ತಕದ ಕನ್ನಡವೇ ಇರಲಿ, ಸ್ಥಳದಲ್ಲಿರುವವರು ತಮ್ಮ ಕನ್ನಡದಲ್ಲಿ ಮಾತಾಡಲಿ. ಟೀಚರ್ ಅರೆಮನಸ್ಸಿನಿಂದ ಒಪ್ಪಿದರು.

ಅವರ ನಿಜವಾದ ಭಯ ಬೇರೆಯಿತ್ತು. ಮುಖ್ಯೋಪಾಧ್ಯಾಯರು ವೇದಿಕೆಯ ಪಕ್ಕದಲ್ಲೇ ನಿಂತಿರುತ್ತಾರೆ. ‘ಒಂದಾನೊಂದು ಶಾಲೆ’ ಎಂದು ಬರೆದರಾಗದೆ ಎಂದು ಕೇಳಿದರು. ಅದಕ್ಕಿಂತ ಅವರನ್ನೇ ಮೊದಲು ಕೇಳಿ ಅವರ ಉತ್ತರವನ್ನು ಸುದ್ದಿಗೆ ಸೇರಿಸೋಣ ಎಂದೆ. ವರದಿಗಾರ್ತಿ ನೋಟ್‌ಬುಕ್ ಹಿಡಿದು ಆಫೀಸಿಗೆ ಹೋದಳು. ಪೈಪಿನ ವಾಲ್ವ್ ಕೆಟ್ಟಿದೆ, ಗುರುವಾರ ಪ್ಲಂಬರ್ ಬರುತ್ತಾನೆ ಎಂದರಂತೆ. ಅದನ್ನು ಅವರೆದುರೇ ಬರೆದುಕೊಂಡು, ಓದಿ ತೋರಿಸಿ ಬಂದಿದ್ದಳು. ಹಾಗೆ ಮಾಡೆಂದು ನಾನು ಹೇಳಿಕೊಟ್ಟಿರಲಿಲ್ಲ.

ಸೋಮವಾರ ಪ್ರಸಾರವಾಯಿತು. ಇದ್ದದ್ದು ಒಂದೇ ಮೈಕು, ಅದೂ ವೈರಿನದು. ಅದು ವೇದಿಕೆಯ ಆ ತುದಿಗೆ ತಲುಪುವವರೆಗೆ ವರದಿಗಾರ್ತಿ ಕಿವಿಗೆ ಬೆರಳಿಟ್ಟು, ದೂರದ ಮಾತು ಈಗ ಕೇಳಿಸಿತೆಂಬಂತೆ ತಲೆಯಾಡಿಸಿದಳು. ಎಲ್ಲರೂ ನಕ್ಕರು. ಅಂಗಿಯ ಮಾತಿಗೆ ಮಾತ್ರ ಯಾರೂ ನಗಲಿಲ್ಲ. ಮುಖ್ಯೋಪಾಧ್ಯಾಯರು ಕೈ ಕಟ್ಟಿಕೊಂಡು ಕೊನೆವರೆಗೂ ಕೇಳಿದರು, ಏನೂ ಹೇಳಲಿಲ್ಲ.

ಗುರುವಾರ ಪ್ಲಂಬರ್ ಬಂದ, ಮೂರು ನಲ್ಲಿ ಸರಿಯಾದವು. ಮುಂದಿನ ಸೋಮವಾರ ವಾರ್ತೆ ಎಂಟನೇ ತರಗತಿಯ ಸರದಿ. ಏಳನೆಯವರು ಅವರ ಬಳಿ ಹೋಗಿ ಒಂದು ನಿಮಿಷ ಬೇಡಿ ಪಡೆದಿದ್ದಾರೆ. ಉಳಿದ ಒಂದು ನಲ್ಲಿಯ ಸುದ್ದಿಗೆ.