ಡಬ್ಬಿಯೊಳಗಿನ ಕಿಟಕಿ

ಹೊಳೆಯುವ ಸ್ಟೀಲ್ ಪಾತ್ರೆಗೆ ತನ್ನದೆನ್ನುವ ಮುಖವೇ ಇಲ್ಲ. ಎದುರಿಗೆ ಏನಿದೆಯೋ ಅದೇ ಅದರ ಮುಖ. ನಮ್ಮ ಭಾವ ಭುಲೇಶ್ವರದ ಸಗಟು ಅಂಗಡಿಗಳಿಂದ ಊಟದ ಡಬ್ಬಿ ತಂದು, ಡೊಂಬಿವಲಿಯ ಮನೆಯಿಂದಲೇ ಆನ್‌ಲೈನಿನಲ್ಲಿ ಮಾರಲು ಶುರುಮಾಡಿದಾಗ ಒಂದಷ್ಟು ವಾಪಸ್ ಬಂದವು. "ಫೋಟೋದಲ್ಲಿ ಹಿತ್ತಾಳೆ ಬಣ್ಣ, ಬಂದದ್ದು ಬೇರೆ" ಎಂಬ ದೂರು. ಹೋಗಿ ಬರುವ ಕೊರಿಯರ್ ಖರ್ಚಿನಲ್ಲೇ ಲಾಭ ಮುಗಿಯುತ್ತಿತ್ತು. ಕ್ಯಾಟಲಾಗ್ ಫೋಟೋ ತೆಗೆದು ಬದುಕುವವನು ನಾನು; ಆ ಚಿತ್ರಗಳನ್ನು ನೋಡಿದರೆ ಹಳದಿ ಬಲ್ಬು, ಕಿಟಕಿಯ ಗ್ರಿಲ್ಲು, ಭಾವನವರ ಬನಿಯನ್ನು ಎಲ್ಲವೂ ಡಬ್ಬಿಯ ಮೇಲಿದ್ದವು.

ಹಾಗಾಗಿ ಡಬ್ಬಿಗೆ ಬೆಳಕು ಹಾಕುವುದಲ್ಲ, ಡಬ್ಬಿ ನೋಡುವ ಜಾಗಕ್ಕೆ ಬೆಳಕು ಹಾಕಬೇಕು. ಮನೆಯ ದೀಪಗಳನ್ನೆಲ್ಲ ಆರಿಸಿ, ಗ್ರಿಲ್ಲಿಗೆ ಬಿಳಿ ಪಂಚೆ ಕಟ್ಟಿದೆವು. ಮಳೆಗಾಲದ ಮೋಡವಿದ್ದರೆ ಇನ್ನೂ ಒಳ್ಳೆಯದು. ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ಹಲಗೆ, ಮೇಲೆ ಬಿಳಿ ಚಾರ್ಟು. ಆ ಹಲಗೆಯನ್ನು ತೀರಾ ಹತ್ತಿರ ತಂದರೆ ನೆರಳು ಪೂರ್ತಿ ಅಳಿದು ಡಬ್ಬಿ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ತುಸು ದೂರವಿಟ್ಟು ಬುಡದಲ್ಲಿ ಮಂದ ನೆರಳು ಉಳಿಸಿಕೊಂಡೆವು.

ಉಳಿದದ್ದು ನಡುವೆ ಕಾಣುವ ಕಪ್ಪು ಗೆರೆ. ಅದು ಫೋನು ಹಿಡಿದ ಮನುಷ್ಯ. ನಾಲ್ಕೈದು ಅಡಿ ಹಿಂದೆ ಸರಿದು 2x ಲೆನ್ಸಿನಲ್ಲಿ ತೆಗೆದರೆ ಆ ಬಿಂಬ ಸಣ್ಣದಾಗುತ್ತದೆ. ಬಿಳಿ ಚಾರ್ಟಿಗೆ ಲೆನ್ಸಿನಷ್ಟೇ ತೂತು ಕೊರೆದು ಅದರ ಹಿಂದೆ ನಿಂತರೆ ಬಹುಪಾಲು ಮಾಯ.

ಆದರೆ ಎಲ್ಲ ಬಿಳಿಯಾದಾಗ ಸ್ಟೀಲು ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆ. "ಹೊಳಪೇ ಹೋಯಿತಲ್ಲ ಮಾರಾಯಾ!" ಎಂದರು ಭಾವ. ಎರಡು ಇಂಚು ಅಗಲದ ಕಪ್ಪು ಕಾಗದದ ಪಟ್ಟಿಗಳನ್ನು ಡಬ್ಬಿಯ ಎರಡೂ ಪಕ್ಕ, ಸ್ವಲ್ಪ ಹಿಂದಕ್ಕೆ, ಚೌಕಟ್ಟಿನ ಹೊರಗೆ ನಿಲ್ಲಿಸಿದೆವು. ದುಂಡು ಪಾತ್ರೆಯ ಅಂಚಿನಲ್ಲಿ ಕಾಣುವುದು ಆ ಜಾಗವೇ. ಅಂಚಿಗೆ ಕಪ್ಪು ಗೆರೆ ಬಂತು, ಡಬ್ಬಿ ದುಂಡಗಾಯಿತು.

ಬಣ್ಣದ ವಿಷಯ. ಫೋನು ಪ್ರತಿ ಚಿತ್ರಕ್ಕೂ ಬಿಳಿಯನ್ನು ಹೊಸದಾಗಿ ಊಹಿಸುತ್ತದೆ. ಒಂದು ಡಬ್ಬಿ ನೀಲಿ, ಪಕ್ಕದ್ದು ಹಳದಿ. ಪ್ರೋ ಮೋಡಿನಲ್ಲಿ ವೈಟ್ ಬ್ಯಾಲೆನ್ಸನ್ನು ಒಂದೇ ಅಂಕಿಗೆ ನಿಲ್ಲಿಸಿ, ಮೊದಲ ಚಿತ್ರದಲ್ಲಿ ಡಬ್ಬಿಯ ಪಕ್ಕ ಬೂದು ಕಾರ್ಡ್ ಇಡಬೇಕು. ಕಾರ್ಡಿಗೆ ಬಣ್ಣದ ಛಾಯೆ ಬಂದಿದ್ದರೆ ಅಂಕಿ ತಿದ್ದಿ, ಉಳಿದವನ್ನೆಲ್ಲ ಅದರಲ್ಲೇ ತೆಗೆಯಬೇಕು. ಪ್ರಿಂಟರ್ ಕಾಗದವನ್ನು ನಂಬಬೇಡಿ, ಅದರಲ್ಲಿ ನೀಲಿಯ ಹೊಳಪು ಬೆರೆಸಿರುತ್ತಾರೆ. ಹಸಿರು ಗೋಡೆ ಬಿಂಬಿಸಿದರೆ ಮಾತ್ರ ಯಾವ ಅಂಕಿಯೂ ಉಳಿಸದು, ಗೋಡೆಯನ್ನೇ ಮುಚ್ಚಬೇಕು.

ಗಾಜಿನ ಭರಣಿಗೆ ದಾರಿ ಬೇರೆ. ಅದೇ ಪಂಚೆಯ ಮುಂದೆ ಭರಣಿಯಿಟ್ಟು ಬೆಳಕನ್ನು ಹಿಂದಿನಿಂದ ಹಾಯಿಸಿದರೆ, ಪಕ್ಕದ ಕಪ್ಪು ಪಟ್ಟಿಗಳು ಅದರ ಆಕಾರವನ್ನು ಗೆರೆಯೆಳೆದು ತೋರಿಸುತ್ತವೆ. ಪೋಲರೈಸರ್ ಫಿಲ್ಟರು ಗಾಜಿನ ಪ್ರತಿಫಲನವನ್ನು ಓರೆ ಕೋನದಲ್ಲಿ ಕೊಲ್ಲುತ್ತದೆ. ಬರಿಯ ಲೋಹದ ಮೇಲೆ ಅದರ ಆಟ ನಡೆಯುವುದು ಕಡಿಮೆ, ಸ್ಟೀಲಿಗೆಂದು ದುಡ್ಡು ಸುರಿಯುವುದು ಬೇಡ.

ಕೊನೆಗೂ ಕಾಡಿದ್ದು ಮುಚ್ಚಳ. ಚಪ್ಪಟೆಯಾಗಿ ಮೇಲೆ ನೋಡುವ ಅದರಲ್ಲಿ ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ಹಟ ಹಿಡಿದು ಕೂತಿತ್ತು. ಡಬ್ಬಿಯ ಹಿಂಬದಿಗೆ ಮಡಚಿದ ಕಾಗದದ ಚೂರು ಕೊಟ್ಟು ಕೂದಲೆಳೆಯಷ್ಟು ಓರೆ ಮಾಡಿದೆವು. ರೆಕ್ಕೆ ಜಾರಿ ಹೋಗಿ ಚಾರ್ಟಿನ ಬಿಳಿ ಬಂತು.