ಗೊರಕೆ ಡೈರಿ, ಭಾಗ 3: ತೂಕ ಮೊದಲಾ, ನಿದ್ದೆ ಮೊದಲಾ?

ಮೊದಲ ಫೋಟೋ ನೋಡಿದ್ರಲ್ಲ? ಕೊನೇ ಬೆಂಚಲ್ಲಿ ಬಾಯಿ ತೆರ್ಕೊಂಡು ಮಲಗಿರೋದು ನಾನೇ. ಬೆಳಗ್ಗೆ ಹತ್ತೂವರೆ ಕ್ಲಾಸು. ಹಿಂದಿನ ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದ್ದೆ ಅಂದ್ರೆ ನಿಮ್ಮಲ್ಲಿ ಯಾರೂ ನಂಬಲಿಲ್ಲ.

ಹಾಸ್ಟೆಲ್‌ಗೆ ಸೇರಿದಾಗ 80 ಕೆಜಿ ಇದ್ದೆ. ಎರಡು ವರ್ಷದಲ್ಲಿ 96. ಸೋಮಾರಿ, ಅದಕ್ಕೇ ದಪ್ಪ ಆದೆ ಅಂತ ನಾನೂ ಅಂದ್ಕೊಂಡಿದ್ದೆ. ಒಂದಿನ ರೂಮ್‌ಮೇಟ್ ನನ್ನ ಗೊರಕೆ ರೆಕಾರ್ಡ್ ಮಾಡಿ ಕೇಳಿಸಿದ. ಜೋರು ಸದ್ದು, ಆಮೇಲೆ 22 ಸೆಕೆಂಡ್ ಏನೂ ಇಲ್ಲ, ಆಮೇಲೆ ನೀರಿಂದ ಮೇಲೆದ್ದವರ ಥರ ಒಂದು ಏದುಸಿರು. "ಲೋ, ನೀನು ಗೊರಕೆ ಹೊಡೆದ್ರೆ ನಂಗೇನೂ ಅನ್ಸಲ್ಲ ಕಣೋ. ಅದು ನಿಂತಾಗ ಭಯ ಆಗತ್ತೆ" ಅಂದ.

ಡಾಕ್ಟರ್ ಒಂದು ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸಿದ್ರು. ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ಟ್ಯೂಬ್, ಎದೆಗೆ ಬೆಲ್ಟ್. ರಿಪೋರ್ಟಲ್ಲಿ ಬಂದ ಸಂಖ್ಯೆ 34. ಅಂದ್ರೆ ಗಂಟೆಗೆ 34 ಸಲ ನನ್ನ ಉಸಿರು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ನಿಂತಿದೆ, ಇಲ್ಲಾ ತೀರಾ ಕಮ್ಮಿಯಾಗಿದೆ. 5ರೊಳಗಿದ್ರೆ ಸರಿ, 30 ದಾಟಿದ್ರೆ ತೀವ್ರ. ಆರು ಗಂಟೆ ನಿದ್ದೆಗೆ ಲೆಕ್ಕ ಹಾಕಿ: 204 ಸಲ!

ಈಗ ಚಕ್ರ ನೋಡಿ. ತೂಕ ಏರಿದ್ರೆ ಕೊಬ್ಬು ಹೊಟ್ಟೇಲಿ ಮಾತ್ರ ಕೂರಲ್ಲ, ನಾಲಿಗೇಲಿ, ಗಂಟಲ ಸುತ್ತ ಕೂಡ ಸೇರತ್ತೆ. ನಿದ್ದೇಲಿ ಸ್ನಾಯು ಸಡಿಲ ಆದಾಗ ಆ ದಾರಿ ಮುಚ್ಚತ್ತೆ. ಆಮ್ಲಜನಕ ಇಳಿಯತ್ತೆ, ಮೆದುಳು ಗಾಬರಿಯಿಂದ ಅರೆಕ್ಷಣ ಎಬ್ಬಿಸತ್ತೆ. ನಮಗದು ನೆನಪೇ ಇರಲ್ಲ. ಆಳವಾದ ನಿದ್ದೆ ಮಾತ್ರ ಪ್ರತಿ ಸಲ ಮುರಿಯತ್ತೆ.

ಮಾರನೇ ದಿನ? ನಿದ್ದೆಗೆಟ್ಟ ದೇಹ ಸಕ್ಕರೆ, ಎಣ್ಣೆ ಕೇಳತ್ತೆ. ಸಂಜೆ ಐದಕ್ಕೆ ನಂಗೆ ಗೋಬಿ ಮಂಚೂರಿ ಬೇಕೇ ಬೇಕಿತ್ತು. ಗ್ರೌಂಡಿಗೆ ಹೋಗೋ ಶಕ್ತಿ ಇರ್ತಿರಲಿಲ್ಲ. ತೂಕ ಇನ್ನೂ ಏರಿತು, ಗಂಟಲು ಇನ್ನೂ ಕಿರಿದಾಯ್ತು.

ಹಾಗಾದ್ರೆ ಯಾವ ಕಡೆಯಿಂದ ಮುರಿಯೋದು? ನಂಗೆ ಸಿಪ್ಯಾಪ್ ಕೊಟ್ರು. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಹಿಡಿಯೋ ಮೆಷಿನ್. ಮೊದಲ ವಾರ ರಾತ್ರಿ ಕಿತ್ತೆಸೀತಿದ್ದೆ. ಮಾಸ್ಕ್ ಸೈಜ್ ಬದಲಾಯಿಸಿದ ಮೇಲೆ ಹಗಲು ತೂಕಡಿಕೆ ನಿಂತಿತು. ಆದ್ರೆ ಮೂರು ತಿಂಗಳಾದ್ರೂ ತೂಕ ಇಳೀಲಿಲ್ಲ, ಒಂದು ಕೆಜಿ ಏರಿತ್ತು! "ಮೆಷಿನ್ ತೂಕ ಇಳಿಸಲ್ಲಪ್ಪ, ನಡೆಯೋಕೆ ಶಕ್ತಿ ಕೊಡತ್ತೆ ಅಷ್ಟೇ. ನಡೀಬೇಕಾದ್ದು ನೀನೇ" ಅಂದ್ರು ಡಾಕ್ಟರ್.

ನಡೆದೆ, ಸಂಜೆ ತಿಂಡಿ ಬದಲಾಯಿಸಿದೆ. ಎಂಟು ತಿಂಗಳಿಗೆ 88 ಕೆಜಿ, ಸಂಖ್ಯೆ 34ರಿಂದ 23. ಮೆಷಿನ್ ಇನ್ನೂ ಬೇಕು.

ದವಡೆ ಚಿಕ್ಕದಿದ್ರೆ ಸಣ್ಣಗಿರೋರಿಗೂ ಇದು ಬರತ್ತೆ. ಬೆಳಗ್ಗೆ ಬಾಯಿ ಒಣಗತ್ತಾ, ತಲೆ ನೋಯತ್ತಾ, ಎಷ್ಟು ಮಲಗಿದ್ರೂ ಸಾಲಲ್ವಾ? ಇವತ್ತು ರಾತ್ರಿ ರೂಮ್‌ಮೇಟ್‌ಗೆ ಒಂದು ಕೆಲಸ ಹೇಳಿ: ಗೊರಕೆ ಅಲ್ಲ, ಗೊರಕೆ ನಿಲ್ಲೋದನ್ನ ಕೇಳಿಸ್ಕೊಳ್ಳೋಕೆ.

ಭಾಗ 4: ಮಾಸ್ಕ್ ಹಾಕ್ಕೊಂಡು ಹಾಸ್ಟೆಲ್ ಜೀವನ.