ಚೀಟಿ ಇಲ್ದೆ ನಿದ್ದೆ ಮಾತ್ರೆ ಯಾಕೆ ಕೊಡಲ್ಲ

ನಮ್ಮ ಮೇಲೂರಿನ ಮೆಡಿಕಲ್ ಅಂಗಡಿಯಲ್ಲಿ ಕೂತಿರೋ ನನ್ನನ್ನ ಕಂಡ್ರೆ ನಿಮ್ಮಲ್ಲಿ ಕೆಲವರಿಗೆ ಸಣ್ಣ ಕೋಪ ಇದೆ ಅಂತ ನನಗೆ ಗೊತ್ತು. "ಜ್ವರದ ಮಾತ್ರೆ ಕೇಳಿದ್ರೆ ಕೊಡ್ತಾಳೆ, ಗ್ಯಾಸಿನ ಮಾತ್ರೆ ಕೊಡ್ತಾಳೆ, ನಿದ್ದೆ ಮಾತ್ರೆ ಕೇಳಿದ್ರೆ ಮಾತ್ರ ಡಾಕ್ಟರ್ ಚೀಟಿ ತನ್ನಿ ಅಂತಾಳೆ. ನಾವೇನು ಹೊರಗಿನವ್ರಾ?" ಅಂತೀರ. ಹೊರಗಿನವ್ರಲ್ಲ ಅಂತಾನೇ ಇವತ್ತು ಕೂತು ಬರೀತಾ ಇದೀನಿ. ಅಂಗಡೀಲಿ ನಾಲ್ಕು ಜನ ನಿಂತಿರುವಾಗ ಇದನ್ನೆಲ್ಲ ಬಿಡಿಸಿ ಹೇಳೋಕೆ ಆಗಲ್ಲ.

ಜನ ಹೆಚ್ಚಾಗಿ ಕೇಳೋದು ಆಲ್ಪ್ರಜೋಲಾಮ್ ಅನ್ನೋ ಮಾತ್ರೆ. ಬ್ರಾಂಡಿನ ಹೆಸರು ಹತ್ತಾರು ಇರ್ತವೆ, ಒಳಗಿರೋದು ಅದೇ. ಅದರ ಸ್ಟ್ರಿಪ್ ಕೈಗೆ ಸಿಕ್ಕಿದ್ರೆ ಒಂದ್ಸಲ ತಿರುಗಿಸಿ ನೋಡಿ. ಕೆಂಪು ಅಕ್ಷರದ ಗುರುತು ಇರ್ತದೆ, ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಬರೆದಿರ್ತದೆ. ಸರ್ಕಾರ 2013ರಲ್ಲಿ ಎಚ್-1 ಅಂತ ಒಂದು ಪಟ್ಟಿ ಮಾಡಿ, 2014ರ ಮಾರ್ಚ್‌ನಿಂದ ಜಾರಿಗೆ ತಂತು. ಈ ಮಾತ್ರೆ ಆ ಪಟ್ಟೀಲಿ ಇದೆ. ಅದನ್ನ ಮಾರಿದ್ರೆ ನಾನು ಬೇರೇನೇ ಒಂದು ರಿಜಿಸ್ಟರ್‌ನಲ್ಲಿ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿ ಹೆಸರು, ಯಾವ ಮಾತ್ರೆ, ಎಷ್ಟು ಕೊಟ್ಟೆ ಅನ್ನೋದನ್ನ ಬರೀಬೇಕು. ಆ ಪುಸ್ತಕನ 3 ವರ್ಷ ಇಟ್ಕೊಂಡಿರಬೇಕು. ಚೀಟಿ ಇಲ್ಲ ಅಂದ್ರೆ ಡಾಕ್ಟರ ಹೆಸರಿನ ಜಾಗದಲ್ಲಿ ನಾನು ಯಾರ ಹೆಸರು ಬರೀಲಿ? ಹಳೇ ಚೀಟಿ ತಂದ್ರೂ ಅಷ್ಟೇ. ಡಾಕ್ಟರು "ಮತ್ತೆ ಕೊಡಬಹುದು" ಅಂತ ಬರೆದಿರದಿದ್ರೆ ಒಂದು ಚೀಟಿಗೆ ಒಂದೇ ಸಲ.

ಇದು ಕಾನೂನಿನ ಮಾತು. ಆದ್ರೆ ಕಾನೂನು ಅಂತ ಹೇಳಿ ಕಳಿಸಿಬಿಟ್ರೆ ಬಂದವರಿಗೆ ಏನೂ ತಿಳಿಯಲ್ಲ, ಇನ್ನೊಂದು ಅಂಗಡಿಗೆ ಹೋಗ್ತಾರೆ, ಅಷ್ಟೇ. ಅದಕ್ಕೆ ಹೋದ ವರ್ಷ ಬಂದಿದ್ದ ಒಬ್ಬ ಅತ್ತೆಯ ವಿಷಯ ಹೇಳ್ತೀನಿ. ಬರೀಬಹುದಾ ಅಂತ ಅವರನ್ನ ಕೇಳೇ ಬರೀತಾ ಇದೀನಿ, ಹೆಸರು ಬೇಡ ಅಂದ್ರು.

ಅವರಿಗೆ 64 ವರ್ಷ. ಯಜಮಾನರು ತೀರಿಕೊಂಡು ಏಳೆಂಟು ತಿಂಗಳಾಗಿತ್ತು. ಖಾಲಿ ಸ್ಟ್ರಿಪ್ ಒಂದನ್ನ ಸೆರಗಿನ ತುದೀಲಿ ಕಟ್ಕೊಂಡು ಬಂದಿದ್ರು. ಅವರ ಬೀಗಿತ್ತಿ ತಗೊಳ್ಳೋ ಮಾತ್ರೆ ಅದು. "ಇದೇ ಕೊಡೇ ತಾಯಿ, ಸ್ವಲ್ಪ ಜೋರಾಗಿರೋದೇ ಕೊಡು. ಪೂರ್ತಿ ಒಂದು ಸ್ಟ್ರಿಪ್ ಬೇಕು. ಕಣ್ಣು ಮುಚ್ಚಿ ತಿಂಗಳಾಯ್ತು" ಅಂದ್ರು.

ಒಳಗೆ ಕರೆದು ಸ್ಟೂಲ್ ಹಾಕಿ, "ಕೂತ್ಕೊಳ್ಳಿ ಅತ್ತೆ. ಇದನ್ನ ಚೀಟಿ ಇಲ್ದೆ ಕೊಡೋಕೆ ನನ್ನ ಕೈಲಿ ಆಗಲ್ಲ, ಯಾಕೆ ಅಂತ ಹೇಳ್ತೀನಿ. ಅದಕ್ಕೂ ಮುಂಚೆ ನೀವು ಈಗ ಏನೇನು ಮಾತ್ರೆ ತಗೋತಾ ಇದೀರ ಹೇಳಿ" ಅಂದೆ. ಅವರ ಕೈಚೀಲದಲ್ಲಿ ಎರಡು ಸ್ಟ್ರಿಪ್ ಇದ್ವು. ಒಂದು ಬಿ.ಪಿ.ದು, ಇನ್ನೊಂದು ಮಂಡಿನೋವಿಗೆ ಡಾಕ್ಟರು ಬರೆದಿದ್ದು.

ಮಂಡಿನೋವಿನ ಮಾತ್ರೆ ನೋಡಿದ ತಕ್ಷಣ ನನಗೆ ಭಯ ಆಯ್ತು. ಅದರಲ್ಲಿ ಟ್ರಾಮಡಾಲ್ ಇತ್ತು. ಟ್ರಾಮಡಾಲೂ ನಿದ್ದೆ ಮಾತ್ರೇನೂ ಎರಡೂ ಮಿದುಳನ್ನ ಮಂಕು ಮಾಡ್ತವೆ, ಎರಡೂ ಉಸಿರಾಟನ ನಿಧಾನ ಮಾಡ್ತವೆ. ಒಂದೊಂದೇ ಆದ್ರೆ ದೇಹ ತಡ್ಕೊಳ್ಳಬಹುದು, ಎರಡೂ ಸೇರಿದ್ರೆ ನಿದ್ದೇಲೇ ಉಸಿರು ತೀರಾ ಇಳಿದುಬಿಡಬಹುದು. ಹೆಂಡ ಕುಡಿದವರಿಗೂ ಇದೇ ಅಪಾಯ. ಗಂಡ ಕುಡಿದು ಬಂದು ಗಲಾಟೆ ಮಾಡ್ತಾನೆ, ಸಾರಿಗೆ ಒಂದು ಮಾತ್ರೆ ಹಾಕಿದ್ರೆ ತೆಪ್ಪಗೆ ಮಲಗ್ತಾನೆ ಅಂತ ಯಾರಾದ್ರೂ ಹೇಳಿಕೊಟ್ರೆ ದಯವಿಟ್ಟು ಕೇಳಬೇಡಿ. ಮಲಗಿದವನು ಏಳದೇ ಹೋಗಬಹುದು.

"ಬೀಗಿತ್ತಿಗೆ ಏನೂ ಆಗಿಲ್ಲವಲ್ಲೇ" ಅಂದ್ರು ಅತ್ತೆ. ಹೇಳಿದೆ: "ಅವರಿಗೆ ಡಾಕ್ಟರು ನೋಡಿ ಬರೆದಿದಾರೆ ಅತ್ತೆ, ಅವರು ಟ್ರಾಮಡಾಲ್ ತಗೋತಾ ಇಲ್ಲ. ಇನ್ನೊಂದು ವಿಷಯ. ಈ ಮಾತ್ರೆ ಹೊಟ್ಟೆಗೆ ಹೋದ ಮೇಲೆ ಅದರ ಅರ್ಧ ದೇಹದಿಂದ ಇಳಿಯೋಕೆ ವಯಸ್ಸಿನ ಹುಡುಗರಿಗೆ ಸುಮಾರು 11 ಗಂಟೆ ಬೇಕು. ವಯಸ್ಸಾದವರಿಗೆ 16 ಗಂಟೆ ಹತ್ತಿರ. ರಾತ್ರಿ 9ಕ್ಕೆ ನುಂಗಿದ್ದು ಮಾರನೇ ದಿನ ಮಧ್ಯಾಹ್ನದವರೆಗೂ ಅರ್ಧಕ್ಕಿಂತ ಹೆಚ್ಚು ಒಳಗೇ ಇರ್ತದೆ. ರಾತ್ರಿ ಬಚ್ಚಲಿಗೆ ಎದ್ರೆ ಕಾಲು ತಡವರಿಸ್ತದೆ. ನಿಮ್ಮ ವಯಸ್ಸಲ್ಲಿ ಬಿದ್ದು ಸೊಂಟದ ಮೂಳೆ ಮುರಿದ್ರೆ ಮತ್ತೆ ಓಡಾಡೋದು ಸುಲಭ ಅಲ್ಲ."

ಆಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕಾಗಿತ್ತು. ಗಂಡ ಹೋಗಿ ವರ್ಷ ತುಂಬಿಲ್ಲ, ಬಾಯಲ್ಲಿ ಪೂರ್ತಿ ಸ್ಟ್ರಿಪ್ ಅಂತ ಬಂದಿದೆ. ದನಿ ತಗ್ಗಿಸಿ, "ಅತ್ತೆ, ಬೇಜಾರು ಮಾಡ್ಕೋಬೇಡಿ. ಬದುಕು ಸಾಕು ಅಂತ ಏನಾದ್ರೂ ಅನ್ನಿಸ್ತಾ ಇದೆಯಾ?" ಅಂತ ನೇರವಾಗೇ ಕೇಳಿದೆ. ಹಿಂಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗ್ತದೆ ಅಂತ ನಮ್ಮಲ್ಲಿ ಹೆದರ್ತಾರೆ. ಹಂಗಾಗಲ್ಲ, ಕೇಳಿದ್ರೆ ಮನಸ್ಸು ಹಗುರ ಆಗ್ತದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೇನಿಲ್ಲ ಕಣೇ. 2 ಗಂಟೆಗೆ ಎಚ್ಚರ ಆಗಿಬಿಡ್ತದೆ. ಆಮೇಲೆ ಬೆಳಗಾಗೋವರೆಗೂ ಮನೇಲಿ ಒಂದು ಶಬ್ದ ಇಲ್ಲ" ಅಂದ್ರು. ಹೌದು ಅಂದಿದ್ರೆ ನಾನು ಅವರನ್ನ ಒಬ್ಬರೇ ಕಳಿಸ್ತಾ ಇರಲಿಲ್ಲ, ಮಗನಿಗೆ ಅಲ್ಲೇ ಫೋನ್ ಮಾಡಿ ಆಸ್ಪತ್ರೆಗೆ ಜೊತೇಲಿ ಕಳಿಸ್ತಿದ್ದೆ. ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರು 14416. ಹಗಲೂ ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ನಂಬರನ್ನ ಬರೆದು ಕೊಟ್ಟೆ.

"2 ಗಂಟೆಗೆ ಎಚ್ಚರ" ಅಂದಿದ್ದನ್ನ ನಾನು ಬಿಡಲಿಲ್ಲ. ಮಲಗೋದು ಎಷ್ಟು ಹೊತ್ತಿಗೆ ಅಂದೆ. ಉಂಡು 8ಕ್ಕೆಲ್ಲ ಮಲಗಿಬಿಡ್ತೀನಿ ಅಂದ್ರು. ಮಧ್ಯಾಹ್ನ? ಒಂದೂವರೆ ಗಂಟೆ ಒರಗ್ತೀನಿ ಅಂದ್ರು. ನೀವೇ ಲೆಕ್ಕ ಹಾಕಿ. 8ರಿಂದ 2ರವರೆಗೆ 6 ಗಂಟೆ, ಮಧ್ಯಾಹ್ನದ್ದು ಒಂದೂವರೆ, ಒಟ್ಟು ಏಳೂವರೆ ಗಂಟೆ ನಿದ್ದೆ ಆಗೇ ಹೋಗಿದೆ. ದೇಹಕ್ಕೆ ಬೇಕಾದಷ್ಟು ಸಿಕ್ಕಿದೆ, ಅದಕ್ಕೇ 2ಕ್ಕೆ ಎಬ್ಬಿಸ್ತಾ ಇದೆ. ಮುಂಚೆ ಅವರ ಮನೇಲಿ ಹುಳ ಮೇಯಿಸ್ತಾ ಇದ್ರು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಎಷ್ಟು ತಿಂತವೆ ಅಂತ ನಮ್ಮೂರಿನವರಿಗೆ ಹೇಳಬೇಕಾ? ರಾತ್ರಿ 11ಕ್ಕೆ ಸೊಪ್ಪು ಹಾಕಿ ಮಲಗಿ, ಬೆಳಗಿನ ಜಾವ 4ಕ್ಕೆ ಎದ್ದು ಮತ್ತೆ ಹಾಕ್ತಾ ಇದ್ದ ಜೀವ ಅದು. ಯಜಮಾನರು ಹೋದ ಮೇಲೆ ಹುಳು ಮನೆ ಖಾಲಿ, ಸಂಜೆ ಆದ್ರೆ ಕೆಲಸ ಇಲ್ಲ, ಅದಕ್ಕೆ 8ಕ್ಕೇ ಹಾಸಿಗೆ.

ಬಿ.ಪಿ. ಮಾತ್ರೇಲೂ ಒಂದು ಗುಟ್ಟಿತ್ತು. ಅದರಲ್ಲಿ ಮೂತ್ರ ಹೆಚ್ಚು ಮಾಡೋ ಔಷಧೀನೂ ಸೇರಿತ್ತು. ಬೆಳಿಗ್ಗೆ ಮರೆತುಹೋಗ್ತದೆ ಅಂತ ಅತ್ತೆ ಅದನ್ನ ರಾತ್ರಿ ಊಟ ಆದ ಮೇಲೆ ತಗೋತಾ ಇದ್ರು. ಎರಡು ಮೂರು ಸಲ ಬಚ್ಚಲಿಗೆ ಏಳೋದು ಅದರಿಂದಾನೇ ಇರಬಹುದು ಅನ್ನಿಸ್ತು.

"ಹಂಗಾದ್ರೆ ನೆಗಡಿ ಮಾತ್ರೆನಾದ್ರೂ ಕೊಡು, ಅದು ತಗೊಂಡ್ರೂ ತೂಕಡಿಕೆ ಬರ್ತದಲ್ಲ" ಅಂದ್ರು. ಅದೂ ಬೇಡ ಅಂದೆ. ತೂಕಡಿಕೆ ತರಿಸೋ ಹಳೇ ನೆಗಡಿ ಮಾತ್ರೆ ವಯಸ್ಸಾದವರಿಗೆ ಬಾಯಿ ಒಣಗಿಸ್ತದೆ, ಮೂತ್ರ ಕಟ್ಟಿಸ್ತದೆ, ಒಂದೊಂದ್ಸಲ ತಲೆ ಗೊಂದಲಾನೂ ಮಾಡ್ತದೆ.

ನಾನು ಇದನ್ನೆಲ್ಲ ಒಂದು ಚೀಟೀಲಿ ಬರೆದೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಮಲಗೋದು ಎಷ್ಟಕ್ಕೆ, ಏಳೋದು ಎಷ್ಟಕ್ಕೆ, ಯಜಮಾನರು ಹೋಗಿರೋದು. "ಇದನ್ನ ತಗೊಂಡು ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಗೆ ಹೋಗಿ ಅತ್ತೆ. ಡಾಕ್ಟರು ನಿದ್ದೆ ಮಾತ್ರೆ ಬರೆದ್ರೆ ನಾನೇ ಕೊಡ್ತೀನಿ, ಹೆಂಗೆ ತಗೋಬೇಕು ಅಂತಾನೂ ಹೇಳ್ತೀನಿ" ಅಂದೆ. ಸ್ವಲ್ಪ ಮುನಿಸಿಕೊಂಡೇ ಹೋದ್ರು.

ಡಾಕ್ಟರು ನಿದ್ದೆ ಮಾತ್ರೆ ಬರೀಲಿಲ್ಲ. ಬಿ.ಪಿ. ಮಾತ್ರೆನ ಬೆಳಿಗ್ಗೆ ತಿಂಡಿ ಜೊತೆಗೆ ತಗೊಳ್ಳಿ ಅಂದ್ರಂತೆ. ಮಧ್ಯಾಹ್ನ ಮಲಗಬೇಡಿ, ರಾತ್ರಿ ಹತ್ತೂವರೆಗೆ ಮುಂಚೆ ಹಾಸಿಗೆಗೆ ಹೋಗಬೇಡಿ, ಎಚ್ಚರ ಆಗಿ ನಿದ್ದೆ ಬರದಿದ್ರೆ ಹೊರಳಾಡದೆ ಎದ್ದು ಕೂತ್ಕೊಳ್ಳಿ, ಏಳೋ ಹೊತ್ತು ಮಾತ್ರ ದಿನಾ ಒಂದೇ ಇರಲಿ ಅಂದ್ರಂತೆ. ಮೊದಲನೇ ವಾರ ಅತ್ತೆಗೆ ಬಲು ಕಷ್ಟ ಆಯ್ತು, ಸಂಜೆ ಕೂತಲ್ಲೇ ತೂಗ್ತಾ ಇದ್ರು. ಮೂರನೇ ವಾರಕ್ಕೆ ನಿದ್ದೆ 4ರವರೆಗೂ ಎಳೀತು. ಯಜಮಾನರ ನೆನಪಿಗೆ ಎಚ್ಚರ ಆಗೋ ರಾತ್ರಿಗಳು ಈಗಲೂ ಇವೆ, ಅದಕ್ಕೆ ನನ್ನ ಅಂಗಡೀಲಿ ಮಾತ್ರೆ ಇಲ್ಲ.

ಇದನ್ನ ಓದಿ, ಈಗಾಗ್ಲೇ ಆ ಮಾತ್ರೆ ದಿನಾ ತಗೋತಾ ಇರೋರು ಯಾರೂ ಗಾಬರಿಯಿಂದ ಇವತ್ತೇ ನಿಲ್ಲಿಸಬೇಡಿ. ಕೆಲವೇ ವಾರದಲ್ಲಿ ದೇಹ ಅದಕ್ಕೆ ಒಗ್ಗಿಬಿಡ್ತದೆ. ಏಕ್‌ದಂ ಬಿಟ್ರೆ ಮುಂಚಿಗಿಂತ ಹೆಚ್ಚು ನಿದ್ದೆ ಕೆಡ್ತದೆ, ಕೈ ನಡುಗ್ತದೆ, ಕೆಲವರಿಗೆ ಫಿಟ್ಸೂ ಬರ್ತದೆ. ತೆಲಂಗಾಣದ ಕಡೆ ಕಳ್ಳಿಗೆ ಇದೇ ಆಲ್ಪ್ರಜೋಲಾಮ್ ಬೆರೆಸಿ ಮಾರ್ತಾ ಇದ್ರು. ಅಂಥ ಕಳ್ಳು ಸಿಗದೇ ಹೋದಾಗ ಅದಕ್ಕೆ ಒಗ್ಗಿದ್ದವರು ನಡುಕ, ಫಿಟ್ಸು ಅಂತ ಆಸ್ಪತ್ರೆ ಸೇರಿದ್ರು. ಅದಕ್ಕೆ ಬಿಡೋದಿದ್ರೆ ಡಾಕ್ಟರನ್ನ ಕೇಳಿ, ಅವರು ಸ್ವಲ್ಪ ಸ್ವಲ್ಪವಾಗಿ ಕಮ್ಮಿ ಮಾಡಿಸ್ತಾರೆ. ಉಳಿದ ಮಾತ್ರೆನ ಅಕ್ಕಪಕ್ಕದವರಿಗೆ ಹಂಚಬೇಡಿ. ಮಕ್ಕಳ ಕೈಗೆ ಸಿಗೋ ಹಂಗೆ ಟಿ.ವಿ. ಮೇಲೆ ಇಡಬೇಡಿ.

ನಿದ್ದೆ ಬರಲ್ಲ ಅಂತ ಬರೋದಿದ್ರೆ ಮನೇಲಿರೋ ಮಾತ್ರೆಗಳನ್ನೆಲ್ಲ ಒಂದು ಕವರ್‌ಗೆ ಹಾಕ್ಕೊಂಡು ಬನ್ನಿ. ಮಧ್ಯಾಹ್ನ 2ರ ಮೇಲೆ ಅಂಗಡೀಲಿ ಗಿರಾಕಿ ಕಮ್ಮಿ, ನಿಧಾನಕ್ಕೆ ಕೂತು ನೋಡಬಹುದು.